ಮೊದಲ ಸಾಲು ಮಾತ್ರ ಉಳಿದ ಹಾಡು

ಸೇಡಂನ ನಮ್ಮ ಭಜನಾ ಮಂಡಳಿಯ ಹಾಡುಗಳೆಲ್ಲ ಗುಡಿಯ ಹಿಂದಿನ ಕೋಣೆಯಲ್ಲಿ ಒಂದು ತಗಡಿನ ಟ್ರಂಕಿನಲ್ಲಿದ್ದವು. ಉದ್ದನೆಯ ನೋಟುಬುಕ್ಕುಗಳು, ಝೆರಾಕ್ಸ್ ಹಾಳೆಗಳು, ಮದುವೆ ಪತ್ರಿಕೆಯ ಬೆನ್ನಿಗೆ ಬರೆದುಕೊಂಡ ಆರತಿ ಹಾಡುಗಳು. ನಾವೆಲ್ಲ ಬೇರೆ ಬೇರೆ ಊರಿಂದ ಸೊಸೆಯಾಗಿ ಇಲ್ಲಿಗೆ ಬಂದವರು. ಬರುವಾಗ ತವರಿನ ಹಾಡುಗಳನ್ನೂ ಕಟ್ಟಿಕೊಂಡು ಬಂದಿದ್ದೆವು. ಮಂಡಳಿಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ತವರೂರೇ ಹೆಸರು. ನಾನು ತೆಂಗಳಿಯವಳು. ನನ್ನ ಎಡಕ್ಕೆ ಮೂವತ್ತು ವರ್ಷ ಕೂತವಳು ಚಿಂಚೋಳಿ ಅಕ್ಕ.

ಟ್ರಂಕು ಇದ್ದರೂ ಅದನ್ನು ತೆರೆಯುವ ಪ್ರಸಂಗ ಕಡಿಮೆ. ಚಿಂಚೋಳಿ ಅಕ್ಕನ ತಲೆಯೇ ನಮ್ಮ ಟ್ರಂಕು. "ಇವತ್ತ ತೊಟ್ಟಿಲ ಕಾರ್ಯಕ್ರಮ ಅದ ಅಕ್ಕಾ" ಎಂದರೆ ಸಾಕು, ತಾಳ ಕೈಗೆ ಬರುವಷ್ಟರಲ್ಲಿ ಆಕೆ ಮೊದಲ ಸಾಲು ಎತ್ತಿಬಿಡುತ್ತಿದ್ದಳು. ಮೊದಲ ಸಾಲು ಸಿಕ್ಕರೆ ಉಳಿದದ್ದು ನಮ್ಮೆಲ್ಲರ ಬಾಯಿಗೆ ತಾನೇ ಬರುತ್ತಿತ್ತು. ಸಿಗದಿದ್ದರೆ ಹತ್ತು ಜನ ಹತ್ತು ಕಡೆ ನೋಡುತ್ತ ಕೂಡಬೇಕು.

ಆಕೆಗೆ ಎದೆಯ ಬೇನೆ ಶುರುವಾಗಿ ಎರಡು ಸೋಮವಾರ ಬರದೇ ಹೋದಾಗ ನಾವು ಹಾಗೇ ಕೂತೆವು. ಅವತ್ತು ವಾಡಿಯ ಹುಡುಗಿ ಬಾಯಿ ಬಿಟ್ಟಳು. ಹುಡುಗಿ ಎಂದರೆ ಎರಡು ಮಕ್ಕಳ ತಾಯಿ, ಪಂಚಾಯ್ತಿ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ. ನಮ್ಮ ನಡುವೆ ಆಕೆಯೇ ಸಣ್ಣವಳು, ಅದಕ್ಕೇ ಹುಡುಗಿ.

"ಎಲ್ಲಾ ಹಾಡಿಂದು ಒಂದ ಪಟ್ಟಿ ಮಾಡೂಣ್ರಿ. ಫೋನಿನ್ಯಾಗ ಇರ್ತದ. ಮೊದಲನೇ ಸಾಲ ಹೊಡದ್ರ ಹಾಡು ಎಲ್ಲೈತಿ ಅಂತ ತೋರಸ್ತದ."

"ಫೋನ ನೋಡಕೋತ ಭಜನಿ ಮಾಡ್ತಾರೇನವಾ? ದೇವರು ನಂಬರ್ ಕೇಳ್ತಾನೇನು?" ಎಂದಳು ಚಿತ್ತಾಪುರದವಳು. ಯಾವ ಹೊಸ ಮಾತಿಗೂ ಮೊದಲ ಕಲ್ಲು ಆಕೆಯದೇ.

"ನೀ ಹಾಡಾಗ ಕನ್ನಡಕ ಹುಡುಕ್ತಿ ಅಲ್ಲ, ಅದಕ್ಕಿಂತ ಇದು ಜಲ್ದಿ ಆಗ್ತದ" ಎಂದೆ ನಾನು. ಹಾಗೆ ಬಾಯಿ ಹಾಕಿದ ತಪ್ಪಿಗೆ ಬರೆಯುವ ಕೆಲಸ ನನ್ನ ಕೊರಳಿಗೇ ಬಿತ್ತು. ನಾನು ಆಗಷ್ಟೇ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿತಿದ್ದೆ. ಮೊಮ್ಮಗಳಿಗೆ ದಿನಾ ಒಂದು ಸುಳ್ಳು ಸುದ್ದಿ ಕಳಿಸಿ ಆಡಿಸುವುದು ನನ್ನ ಚಟವಾಗಿತ್ತು. ಬಲಗೈ ಹೆಬ್ಬೆರಳಿಗೆ ಹೊಸ ಬುದ್ಧಿ ಬಂದ ಕಾಲ ಅದು.

ವಾಡಿಯ ಹುಡುಗಿ ಎಲ್ಲರಿಗೂ ಕಾಣುವಂಥ ಒಂದು ಶೀಟು ಮಾಡಿಕೊಟ್ಟಳು. ಒಂದು ಹಾಡಿಗೆ ಒಂದು ಅಡ್ಡ ಸಾಲು, ಸಾಲಿನೊಳಗೆ ಚೌಕ ಚೌಕ ಮನೆಗಳು. ಮೊದಲ ಮನೆಯಲ್ಲಿ ಹಾಡಿನ ಮೊದಲ ಸಾಲು, ಎರಡನೆಯದರಲ್ಲಿ ಪಲ್ಲವಿ, ಆಮೇಲೆ ಟ್ಯಾಗು, ಯಾವ ನೋಟುಬುಕ್ಕಿನ ಯಾವ ಪುಟ, ಯಾರು ತಂದದ್ದು, ನೋಟುಬುಕ್ಕಿನಲ್ಲಿ ಇಲ್ಲದ್ದಾದರೆ ಕಡೆಗೆ ಇಡೀ ಹಾಡು. ಪಲ್ಲವಿಗೆ ಬೇರೆ ಮನೆ ಯಾಕೆ ಎಂದರೆ, ನಮ್ಮಲ್ಲಿ ತಾಳವಿಲ್ಲದೆ ಎರಡು ಸಾಲು ಎಳೆದು ಹಾಡಿ ಆಮೇಲೆ ಪಲ್ಲವಿಗೆ ಇಳಿಯುತ್ತೇವೆ. ಒಬ್ಬಳಿಗೆ ಎಳೆಯುವ ಸಾಲು ನೆನಪಿದ್ದರೆ ಇನ್ನೊಬ್ಬಳಿಗೆ ಪಲ್ಲವಿಯಷ್ಟೇ ನೆನಪು. ಎರಡೂ ಬರೆದಿಟ್ಟರೆ ಯಾವುದನ್ನು ಹೊಡೆದರೂ ಹಾಡು ಸಿಗುತ್ತದೆ.

ಟ್ಯಾಗು ಎಂದರೆ ಹಾಡಿನ ಹಣೆಗೆ ಹಚ್ಚುವ ಚೀಟಿ. ಗುರು, ತಾಯಿ, ತೊಟ್ಟಿಲು, ಆರತಿ, ಶ್ರಾವಣ, ವೈರಾಗ್ಯ. ಒಂದು ಹಾಡಿಗೆ ಎರಡು ಮೂರು ಹಚ್ಚಬಹುದು, ನಡುವೆ ಅಲ್ಪವಿರಾಮ ಇಡಬೇಕು. ಮೊದಲ ವಾರ ನಾವು ಮನಸ್ಸಿಗೆ ಬಂದದ್ದು ಹಚ್ಚಿದೆವು. ಚಿತ್ತಾಪುರದವಳು ತಾನು ತಂದ ಹಾಡಿಗೆಲ್ಲ "ಛಲೋ ಹಾಡು" ಎಂದು ಬರೆಸಿದಳು. ನಾನು ಆಕೆಯ ಒಂದು ಹಾಡಿಗೆ ಕದ್ದು "ನಿದ್ದಿ ಬರೂದು" ಎಂದು ಹಚ್ಚಿದೆ. ವಾಡಿಯ ಹುಡುಗಿ ಇಬ್ಬರಿಗೂ ಬೈದಳು. "ಟ್ಯಾಗ್ ಅಂದ್ರ ಎಲ್ಲಾರೂ ಒಪ್ಪಿದ್ದು ಇರಬೇಕ್ರಿ. ಒಬ್ಬಾಕಿ ತೊಟ್ಟಿಲು ಅಂತ, ಇನ್ನೊಬ್ಬಾಕಿ ಜೋಗುಳ ಅಂತ ಹಾಕಿದ್ರ ಅರ್ಧ ಹಾಡು ಕಾಣಂಗೇ ಇಲ್ಲ." ಆಮೇಲೆ ಟ್ಯಾಗುಗಳ ಪಟ್ಟಿ ಕಟ್ಟಿ ಅದರಿಂದಲೇ ಆರಿಸುವ ಹಾಗೆ ಮಾಡಿದಳು. ಹ್ಯಾಂಗ ಎಂಬ ಒಂದು ಮಾತನ್ನೇ ನಾವು ಮೂರು ರೀತಿ ಬರೆದಿದ್ದೆವು. ಶೀಟಿನಲ್ಲಿ ಒಂದೇ ರೀತಿ ಬರೆಯಬೇಕು, ಉಳಿದ ರೀತಿಗಳು ಪಕ್ಕದ ಮನೆಯಲ್ಲಿ ಇರಬೇಕು, ಆಗ ಯಾರು ಹೇಗೆ ಹೊಡೆದರೂ ಸಿಗುತ್ತದೆ ಎಂದು ಕಲಿಸಿದಳು.

ಸುದ್ದಿ ಹರಡಿ ಶಹಾಬಾದ, ವಾಡಿ, ಚಿತ್ತಾಪುರದ ಮಂಡಳಿಗಳೂ ತಮ್ಮ ನೋಟುಬುಕ್ಕಿನ ಫೋಟೋ ಕಳಿಸತೊಡಗಿದವು. ಪಟ್ಟಿ ಬೆಳೆಯುತ್ತ ಹೋಯಿತು. ನಾನು ಮಧ್ಯಾಹ್ನ ಊಟವಾದ ಮೇಲೆ ಚಿಂಚೋಳಿ ಅಕ್ಕನ ಮನೆಗೆ ಹೋಗಿ ಆಕೆಯ ಮಂಚದ ಪಕ್ಕ ಕೂತು ಬರೆಯುತ್ತಿದ್ದೆ. ಫೋಟೋದಲ್ಲಿ ಅಕ್ಷರ ಮಾಸಿದ್ದರೆ ಎರಡು ಪದ ಓದಿದರೆ ಸಾಕು, ಆಕೆ ಮುಂದಿನದನ್ನು ಹೇಳುತ್ತಿದ್ದಳು. ಆಕೆಗೆ ಕಣ್ಣಿಗೆ ಪೊರೆ ಬಂದಿತ್ತು. ಫೋನು ಆಕೆಗೆ ಬರೀ ಒಂದು ಬೆಳಕು.

ಪಟ್ಟಿಯಲ್ಲಿ ಒಂದು ಟ್ಯಾಗಿನ ಬಗ್ಗೆ ಮಾತ್ರ ಯಾರೂ ಮಾತಾಡಿರಲಿಲ್ಲ. ನಮ್ಮ ಮಂಡಳಿಯಲ್ಲಿ ಒಂದು ರೂಢಿ ಇದೆ. ನಮ್ಮಲ್ಲಿ ಯಾರಾದರೂ ಹೋದರೆ, ಹೆಣ ಎತ್ತುವ ಮೊದಲು ಆಕೆ ತಾನೇ ಆರಿಸಿಟ್ಟ ಹಾಡನ್ನು ನಾವೆಲ್ಲ ಕೂತು ಹಾಡಬೇಕು. ಅದಕ್ಕೆ ಕಡೀ ಹಾಡು ಅನ್ನುತ್ತೇವೆ. ಬದುಕಿರುವವರ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹಾಡುವಂತಿಲ್ಲ, ಬರೆಯುವಂತೂ ಇಲ್ಲ. ಬೇಕಾದವಳೊಬ್ಬಳ ಕಿವಿಯಲ್ಲಿ ಹೇಳಿಟ್ಟಿರಬೇಕು. ಆಗಲೇ ಹೋದ ಮೂವರ ಕಡೀ ಹಾಡುಗಳನ್ನು ಪಟ್ಟಿಗೆ ಸೇರಿಸಿದ್ದೆವು. ಅವು ಹಾಡಿ ಮುಗಿದ ಹಾಡುಗಳು, ಭಯವಿಲ್ಲ. ಬದುಕಿದ್ದವರದು ಒಂದೂ ಇರಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ಗೋಡೆಗೆ ಒರಗಿ ಕೂತು, "ನಂದೊಂದು ಬರಕೋ" ಎಂದಳು.

"ಯಾವ ನೋಟಬುಕ್ಕಿಂದು?"

"ಯಾವ ನೋಟಬುಕ್ಕಿನ್ಯಾಗೂ ಇಲ್ಲ. ನಮ್ಮವ್ವ ಹಾಡ್ತಿದ್ದಳು. ಆರು ನುಡಿ ಅವ. ಕಡೀ ಹಾಡು ಅಂತ ಹಾಕು, ಮುಂದ ನನ್ನ ಹೆಸರು ಹಾಕು."

ನಾನು ಫೋನು ಮಂಚದ ಮೇಲಿಟ್ಟೆ. "ಕಿವ್ಯಾಗ ಹೇಳು ಸಾಕು. ಬರೀಬಾರದು ಅಂತಾರ."

"ನಿನ್ನ ಕಿವಿ ಭರವಸಿ ಇಲ್ಲ. ನಿನ್ನೆ ಸಕ್ಕರಿ ಎಲ್ಲಿಟ್ಟಿ ಅಂತ ನೆನಪಿಲ್ಲ ನಿನಗ" ಎಂದು ನಕ್ಕಳು. ನಕ್ಕದ್ದು ಕೆಮ್ಮಾಯಿತು. "ಪಟ್ಟಿ ಮಾಡಿದ್ದು ಮತ್ತ್ಯಾಕ? ನಾ ಇಲ್ದಾಗ ಸಿಗಲಿ ಅಂತೇ ಅಲ್ಲ?"

"ಹಂಗಾದ್ರ ಫೋನಿನ್ಯಾಗ ನಿನ್ನ ಧ್ವನಿ ಹಿಡಕೋತೀನಿ. ಬರಿಯೂದು ತ್ರಾಸ."

"ಬ್ಯಾಡ. ನಾ ಹೋದ ಮ್ಯಾಲ ನನ್ನ ಏದುಸಿರು ಯಾರೂ ಕೇಳೂದು ಬ್ಯಾಡ. ನನ್ನ ಮಗಳು ಕೇಳಿದ್ರ ಅಳ್ತಾಳ. ಹಾಡಷ್ಟೇ ಇರಲಿ."

ಆಕೆ ಮೊದಲ ಸಾಲು ಎತ್ತಿದಳು. 'ಅಂಗಳದಾಗ ಬಿಟ್ಟ ಚಪ್ಪಲಿ ಇನ್ನ ಯಾರ ಕಾಲಿಗಾದೀತ.' ನಾನು ಅದನ್ನು ಒತ್ತಿದೆ. ಆಮೇಲೆ ಪಲ್ಲವಿ ಬಂತು. 'ಹೊಸ್ತಿಲ ದಾಟೀನಿ ತಾಯಿ, ಹೊಳ್ಳಿ ನೋಡಲಾರೆ.' ಅಷ್ಟರಲ್ಲಿ ಆಕೆ ಉಸಿರು ಸಾಲದೆ ಮಲಗಿದಳು. ಮೊದಲ ಸಾಲಷ್ಟೇ ಶೀಟಿನಲ್ಲಿ ಕೂತಿತ್ತು. ಉಳಿದದ್ದು ನಾಳೆ ಎಂದು ಎದ್ದು ಬಂದೆ.

ಮನೆಗೆ ಬಂದು ಚಹಾಕ್ಕೆ ನೀರಿಟ್ಟು ಶೀಟು ತೆರೆದೆ. ಮೂವರು ಸತ್ತವರ ಹಾಡುಗಳ ಕೆಳಗೆ ಆಕೆಯ ಸಾಲು ಇತ್ತು. ನಾಲ್ಕನೆಯದಾಗಿ. ಸರದಿಯಲ್ಲಿ ನಿಂತವಳ ಹಾಗೆ. ನೀರು ಕುದಿದು ಅರ್ಧವಾಗುವ ತನಕ ನೋಡುತ್ತ ನಿಂತೆ. ನನ್ನ ತಲೆಯಲ್ಲಿ ಒಂದು ಹುಚ್ಚು ಲೆಕ್ಕ ಹುಟ್ಟಿತು. ಹಾಡು ಬರೆದು ಮುಗಿದರೆ ಆಕೆಯ ಕೆಲಸವೂ ಮುಗಿದಂತೆ. ಮುಗಿಯದಿದ್ದರೆ ಆಕೆ ಹೇಗೆ ಹೋಗುತ್ತಾಳೆ?

ಮರುದಿನ ಬೆಳಿಗ್ಗೆ ಆ ಸಾಲನ್ನು ಅಳಿಸಿದೆ.

ಮಧ್ಯಾಹ್ನ ಹೋದಾಗ ಅಕ್ಕ ಕೂದಲು ಬಾಚಿಕೊಂಡು ತಯಾರಾಗಿ ಕೂತಿದ್ದಳು. ಪಲ್ಲವಿಯಿಂದ ಶುರು ಮಾಡಿ ಎರಡನೆಯ ನುಡಿ, ಮೂರನೆಯದು, ನಡುನಡುವೆ ನೀರು ಗುಟುಕರಿಸುತ್ತ ಹಾಡಿದಳು. ನಾನು ಫೋನು ಹಿಡಿದು ಹೆಬ್ಬೆರಳು ಆಡಿಸುತ್ತ ಕೂತೆ. ಏನು ಒತ್ತಿದೆ ಎಂದು ಹೇಳಲು ಈಗಲೂ ನಾಚಿಕೆ. ಮೊಮ್ಮಗಳಿಗೆ ಕಳಿಸುವ ಜಾಗದಲ್ಲಿ ಅಆಇಈ ಒತ್ತುತ್ತಿದ್ದೆ, ಟಕಟಕ ಸದ್ದು ಬರಲಿ ಎಂದು. ಆಕೆಗೆ ಆ ಸದ್ದೇ ಸಾಕ್ಷಿ. ಸದ್ದು ನಿಲ್ಲುವ ತನಕ ಮುಂದಿನ ಸಾಲಿಗೆ ಹೋಗದೆ ಕಾಯುತ್ತಿದ್ದಳು. ನಾನು ಬೇಕೆಂದೇ "ತಡಿ, ತಪ್ಪಾತು, ಇನ್ನೊಮ್ಮಿ ಅನ್ನು" ಎನ್ನುತ್ತಿದ್ದೆ. ದಿನ ಉದ್ದವಾಗಲಿ ಎಂದು. ಕೈತಪ್ಪಿ ಒಂದಷ್ಟು ಹೋಗಿಯೂಬಿಟ್ಟಿತು, ಮೊಮ್ಮಗಳು "ಆಯಿ, ಏನಿದು?" ಎಂದು ಕೇಳಿ ಕಳಿಸಿದಳು. ಅದನ್ನೂ ಸರಿಸಿ ಒತ್ತುತ್ತಲೇ ಇದ್ದೆ.

ಮೂರನೆಯ ದಿನ ಆರನೆಯ ನುಡಿಯೂ ಆಯಿತು. "ಈಗ ಹುಡುಕಿ ತೋರ್ಸು" ಎಂದಳು ಅಕ್ಕ.

"ಏನು ಹುಡುಕೂದು?"

"ಚಪ್ಪಲಿ ಅಂತ ಹೊಡಿ. ಸಿಗ್ತದೋ ಇಲ್ಲೋ ನೋಡೂಣ. ಎಲ್ಲಾರಿಗೂ ಸಿಗ್ತದ ಅಂತಿದ್ದಿ."

ನಾನು 'ತೊಟ್ಟಿಲು' ಎಂದು ಹೊಡೆದೆ. ಹತ್ತಾರು ಸಾಲು ಬಂದವು. ಫೋನನ್ನು ಆಕೆಯ ಮುಖದ ಹತ್ತಿರ ಹಿಡಿದು, ಒಂದರ ಮೇಲೆ ಬೆರಳಿಟ್ಟು, ಓದುವವಳ ಹಾಗೆ ಹೇಳಿದೆ: "ಅಂಗಳದಾಗ ಬಿಟ್ಟ ಚಪ್ಪಲಿ ಇನ್ನ ಯಾರ ಕಾಲಿಗಾದೀತ. ನೋಡು, ಇಲ್ಲೇ ಅದ."

"ನನ್ನ ಹೆಸರು?"

"ಅದರ ಮುಂದೇ ಅದ."

ಆಕೆ ಬೆರಳು ಮುಂದೆ ಮಾಡಿ ಆ ಬೆಳಕನ್ನು ಮುಟ್ಟಿದಳು. ಯಾರೋ ಮಗುವಿನ ಜೋಗುಳದ ಸಾಲು ಅದು. "ಛಲೋ ಆತು" ಎಂದಳು. "ನೀ ಇಷ್ಟು ಬರೀತಿ ಅಂತ ನನಗ ನಂಬಿಕಿ ಇರಲಿಲ್ಲ ನೋಡು."

ನನಗೆ ಎಷ್ಟೋ ಸುಳ್ಳು ಹೇಳಿ ಅಭ್ಯಾಸವಿದೆ. ಉಪ್ಪಿನಕಾಯಿ ಕದ್ದದ್ದಕ್ಕೆ ಅತ್ತೆಗೆ, ಮಾತ್ರೆ ತಗೊಂಡೆ ಎಂದು ಮಗನಿಗೆ. ಆ ಸುಳ್ಳುಗಳನ್ನು ಹೇಳಿದ ಮೇಲೆ ನಗು ಬರುತ್ತಿತ್ತು. ಅವತ್ತು ನಡೆದು ಮನೆ ಮುಟ್ಟುವುದರಲ್ಲಿ ಎರಡು ಸಲ ನಿಲ್ಲಬೇಕಾಯಿತು.

ನನ್ನ ಲೆಕ್ಕ ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ಬೆಳಿಗ್ಗೆ ಅಕ್ಕ ಚಹಾದ ಬಟ್ಟಲು ಕೈಯಲ್ಲಿರುವಾಗಲೇ ಹೋದಳು.

ಹತ್ತು ಗಂಟೆಗೆಲ್ಲ ನಾವು ಆಕೆಯ ಪಡಸಾಲೆಯಲ್ಲಿ ಸೇರಿದೆವು. ಅಕ್ಕನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು, ಹಣೆಗೆ ವಿಭೂತಿ. ಶಹಾಬಾದಿನಿಂದ ಮಗಳು ಬಂದು ಕಾಲ ಹತ್ತಿರ ಕೂತಿದ್ದಳು. ಒಂದರ ಹಿಂದೆ ಒಂದು ವೈರಾಗ್ಯದ ಹಾಡು ಹಾಡಿದೆವು. ವಾಡಿಯ ಹುಡುಗಿ ಟ್ಯಾಗು ಆರಿಸಿದರೆ ಸಾಕಿತ್ತು, ಪುಟದ ಫೋಟೋ ಸಮೇತ ಬರುತ್ತಿತ್ತು. ಪಟ್ಟಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತೆಂದರೆ ಚಿತ್ತಾಪುರದವಳೂ ಸುಮ್ಮನೆ ಫೋನು ನೋಡಿಕೊಂಡು ಹಾಡಿದಳು.

ಎತ್ತುವ ಹೊತ್ತಾಯಿತು. ಮಗಳು ಕೇಳಿದಳು, "ಅವ್ವಂದು ಕಡೀ ಹಾಡು ಹಾಡ್ರೀ. ತೆಂಗಳಿ ಆಯಿ ಬರಕೊಂಡಾಳ, ಫೋನಿನ್ಯಾಗ ಅದ ಅಂತ ಅವ್ವ ನನಗ ಹೇಳ್ಯಾಳ."

ವಾಡಿಯ ಹುಡುಗಿ 'ಕಡೀ ಹಾಡು' ಆರಿಸಿದಳು. ಮೂರು ಸಾಲು ಬಂದವು. ಮತ್ತೊಮ್ಮೆ ಆರಿಸಿದಳು. ಮತ್ತೆ ಮೂರು. "ಆಯಿ, ಮೊದಲನೇ ಸಾಲ ಏನ್ರಿ?" ಎಂದು ಮೆಲ್ಲಗೆ ಕೇಳಿದಳು. ನಾನು ಹೇಳಿದೆ. ಚಪ್ಪಲಿ ಎಂದು ಹೊಡೆದಳು, ಅಂಗಳ ಎಂದು ಹೊಡೆದಳು, ಹೊಸ್ತಿಲ ಎಂದು ಹೊಡೆದಳು. ಇಲ್ಲ. ಎಲ್ಲರೂ ನನ್ನನ್ನು ನೋಡಿದರು.

ನಾನೇ ಹಾಡು ಎತ್ತಿದೆ. ಮೊದಲ ಸಾಲು ಬಂತು. ಪಲ್ಲವಿ ಬಂತು. ಎರಡನೆಯ ನುಡಿ ಎಂದು ಬಾಯಿ ತೆರೆದರೆ ಏನೂ ಇರಲಿಲ್ಲ. ಮೂರು ಮಧ್ಯಾಹ್ನ ಆಕೆ ನನ್ನ ಎದುರೇ ಹಾಡಿದ್ದಳು, ಒಂದೊಂದು ಸಾಲನ್ನು ಎರಡೆರಡು ಸಲ. ನಾನು ಕೇಳಿದ್ದು ನನ್ನ ಹೆಬ್ಬೆರಳಿನ ಸದ್ದನ್ನಷ್ಟೇ. ಬೀಸುಕಲ್ಲಿನ ಮಾತೊಂದು ಬರುತ್ತಿತ್ತು ಎಂದು ನೆನಪು, ಎಲ್ಲಿ ಬರುತ್ತಿತ್ತೋ ತಿಳಿಯದು. ಮತ್ತೆ ಪಲ್ಲವಿಗೇ ಬಂದೆ. ಹೆಂಗಸರು ದನಿಗೂಡಿಸಿದರು. ಹೊಸ್ತಿಲ ದಾಟೀನಿ ತಾಯಿ, ಹೊಳ್ಳಿ ನೋಡಲಾರೆ. ಅದೊಂದನ್ನೇ ಹಾಡುತ್ತ ಹಾಡುತ್ತ ಆಕೆಯನ್ನು ಎತ್ತಿದರು.

"ಇಷ್ಟೇ ಏನ್ರಿ ಅವ್ವನ ಹಾಡು?" ಎಂದಳು ಮಗಳು.

"ಇಷ್ಟೇ" ಎಂದೆ.

ಮುಂದಿನ ಸೋಮವಾರಕ್ಕೆ ಮೊದಲೇ ವಾಡಿಯ ಹುಡುಗಿ ನನ್ನ ಮನೆಗೆ ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳು ಕೂತುಕೊಳ್ಳಲಿಲ್ಲ. "ಆಯಿ, ಆಫೀಸಿನ ಕಂಪ್ಯೂಟರಿನ್ಯಾಗ ನೋಡ್ದೆ. ಶೀಟಿಂದು ಹಳೀ ಪ್ರತಿ ಇರ್ತಾವ್ರಿ, ಯಾರು ಯಾವಾಗ ಬದಲ್ ಮಾಡ್ಯಾರ ಅಂತ. ಅಕ್ಕಂದು ಯಾರರೆ ಕೈತಪ್ಪಿ ಅಳಿಸ್ಯಾರೇನೋ, ವಾಪಸ್ ತರೂಣ ಅಂತ ನೋಡ್ದೆ."

ನಾನು ಚಾಪೆ ಹಾಸಿದೆ.

"ಒಂದ ದಿನ ಮೊದಲ ಸಾಲ ಇತ್ರಿ. ಮರುದಿನ ಇಲ್ಲ. ಎರಡೂ ನಿಮ್ಮ ಫೋನಿಂದನ. ಅದರ ಮುಂದ ಏನೂ ಬರದೇ ಇಲ್ರಿ." ಆಮೇಲೆ ದನಿ ಇಳಿಸಿ, "ನಾ ಯಾರಿಗೂ ಹೇಳಂಗಿಲ್ಲ" ಎಂದಳು.

ಆಕೆ ಬೈದಿದ್ದರೆ ನಾನು ತಿರುಗಿ ಬೈದು ಪಾರಾಗುತ್ತಿದ್ದೆ. ಆಕೆ ನನ್ನ ಸುಳ್ಳನ್ನು ಕಾಪಾಡಲು ಬಂದಿದ್ದಳು. ಅದನ್ನು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಚಿಂಚೋಳಿಯಲ್ಲಿ ಅಕ್ಕನ ತಮ್ಮನ ಹೆಂಡತಿಗೆ ಫೋನು ಹಚ್ಚಿದ್ದೆ. "ಅತ್ತಿ ಹಾಡ್ತಿದ್ದಿದ್ದು ಖರೇ. ನಾವು ಎಲ್ಲಿ ಲಕ್ಷ ಕೊಟ್ಟೀವಿ" ಎಂದಳು. ಎಲ್ಲ ಮಂಡಳಿಗಳಿಗೆ ಮೊದಲ ಸಾಲು ಕಳಿಸಿದೆ. ಶಹಾಬಾದಿನಿಂದ ಚಪ್ಪಲಿಯ ಬೇರೆ ಹಾಡೊಂದು ಬಂತು, ಅದು ಗುರುವಿನ ಹಾಡು. ಚಿತ್ತಾಪುರದ ಮಂಡಳಿಯಿಂದ ಬರೀ ಕೈಮುಗಿದ ಚಿತ್ರ ಬಂತು. ಮತ್ತೇನೂ ಬರಲಿಲ್ಲ.

ಸೋಮವಾರ ಗುಡಿಯಲ್ಲಿ ಎಲ್ಲರೂ ಕೂತ ಮೇಲೆ ನಾನೇ ಹೇಳಿದೆ. ಶಹಾಬಾದಿನಿಂದ ಅಕ್ಕನ ಮಗಳನ್ನೂ ಕರೆಸಿದ್ದೆ. ಅಆಇಈ ಒತ್ತಿದ್ದು, ತೊಟ್ಟಿಲ ಹಾಡಿನ ಮೇಲೆ ಆಕೆಯ ಬೆರಳು ಇರಿಸಿದ್ದು, ಎಲ್ಲ.

ಮಗಳು ನನ್ನ ಕಡೆ ತಿರುಗಿದಳು. "ಮೂರು ದಿನ ಹಾಡಿದಳೇನ್ರಿ?"

"ಮೂರು ದಿನ."

"ನನಗ ಒಂದ ದಿನನೂ ಹಾಡಲಿಲ್ಲ ನೋಡ್ರಿ" ಎಂದಳು. "ನಿಮಗ ಹಾಡಿದಳು." ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಕ್ಷಮಿಸಿದೆ ಎನ್ನಲಿಲ್ಲ, ಎದ್ದು ಹೋಗಲೂ ಇಲ್ಲ.

ಚಿತ್ತಾಪುರದವಳು ಬಾಯಿ ಹಾಕುತ್ತಾಳೆಂದು ಕಾಯುತ್ತಿದ್ದೆ. ಬಯ್ಯಲಿ ಎಂದೇ ಕಾಯುತ್ತಿದ್ದೆ. ಆಕೆ ಎದ್ದು ಬಂದು ನನ್ನ ಎಡಕ್ಕೆ, ಅಕ್ಕನ ಜಾಗದಲ್ಲಿ ಕೂತಳು. "ಫೋನ ತಗಿ" ಎಂದಳು.

"ಯಾಕ?"

"ನಂದು ಬರಕೋ. ಈಗ, ಇಲ್ಲೇ, ಎಲ್ಲಾರ ಮುಂದ. ಕಿವ್ಯಾಗ ಹೇಳೂದು ಸಾಕು. ಕನ್ನಡಕ ಹಾಕ್ಕೊಂಡೇ ಕೂತೀನಿ, ನೀ ಏನ ಒತ್ತತೀ ನೋಡಾಕತ್ತೀನಿ. ಒಂದ ಅಕ್ಷರ ತಪ್ಪಿದ್ರ ಕೈ ಮುರೀತೀನಿ."

"ನಿನಗೇನಾಗೇದ, ಗಟ್ಟಿ ಇದ್ದೀ."

"ಗಟ್ಟಿ ಇದ್ದಾಗ ಹಾಡೂದು ಛಲೋ ಬರ್ತದ. ಬರಿ."

ಆಕೆ ಹಾಡಿದಳು. ನಾನು ಒತ್ತಿದೆ. ಪ್ರತಿ ನುಡಿಯಾದ ಮೇಲೆ ಓದಿಸಿ ಕೇಳಿದಳು. ಆಕೆಯ ಹಿಂದೆ ಇನ್ನಿಬ್ಬರು ಹತ್ತಿರ ಸರಿದು ಕೂತರು, ತಮ್ಮ ಸರದಿ ಎಂಬಂತೆ. ವಾಡಿಯ ಹುಡುಗಿ ಮಾತಿಲ್ಲದೆ ಶೀಟಿನಲ್ಲಿ ಹೊಸ ಸಾಲುಗಳಿಗೆ ಜಾಗ ಮಾಡಿದಳು. ನಡುವೆ ನನ್ನ ಭುಜದ ಮೇಲಿಂದ ಮಗಳು ಕೈ ಚಾಚಿ ಫೋನು ಕೇಳಿದಳು. ಕೊಟ್ಟೆ. ತಾಯಿಯ ಹಾಡಿನ ಮೊದಲ ಸಾಲನ್ನು ತಾನೇ ಒತ್ತಿದಳು. ಪಲ್ಲವಿ ಒತ್ತಿದಳು. ಟ್ಯಾಗು ಆರಿಸಿದಳು, ತಾಯಿಯ ಹೆಸರು ಹಾಕಿದಳು. ನೋಟುಬುಕ್ಕಿನ ಪುಟದ ಮನೆಗೆ ಬಂದಾಗ ನನ್ನ ಮುಖ ನೋಡಿದಳು.

"ಇಲ್ಲಿ ಏನ್ ಬರೀಲಿ?"

"ಖಾಲಿ ಬಿಡು" ಎಂದೆ.

ಆಕೆ ಖಾಲಿ ಬಿಟ್ಟಳು. ಫೋನು ನನಗೆ ವಾಪಸು ಕೊಟ್ಟಳು. ಚಿತ್ತಾಪುರದವಳದು ಇನ್ನೂ ಎರಡು ನುಡಿ ಬಾಕಿ ಇದ್ದವು.